ಪರದೆ ಅರ್ಧಕ್ಕೆ ನಿಂತಿದ್ದು ಯಾಕೆ ಅಂದ್ರೆ…

ಭಾಗ 1/6

ಕಾಲೇಜ್ ಡೇ ನಾಟಕ ಮುಗಿದು ಪರದೆ ಮುಚ್ಚೋ ಹೊತ್ತಿಗೆ ಅರ್ಧಕ್ಕೇ ನಿಂತುಬಿಡ್ತಲ್ಲ, ನೆನಪಿದೆಯಾ? ಸತ್ತು ಬಿದ್ದಿದ್ದ ರಾಜನೇ ಎದ್ದು ಬಂದು ಕೈಯಲ್ಲಿ ಪರದೆ ಎಳೆದುಕೊಂಡು ಹೋದ. ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. ನಾನು ಪರದೆ ಹಿಂದೆ ಸುಟ್ಟ ವೈರ್ ಹಿಡ್ಕೊಂಡು ನಿಂತಿದ್ದೆ.

ಲೈಟಿಂಗ್ ಅಣ್ಣನ ಕಡೆ ಲೈನ್ ಟ್ರಿಪ್ ಆಯ್ತು ಅಂತ ಯಾರೋ ಅಂದ್ರು. ಎಲ್ಲರೂ ನಂಬಿದ್ರು. ಅವರಿಗೆ ಕೊಡಬೇಕಾದ ದುಡ್ಡಲ್ಲಿ 500 ರೂಪಾಯಿ ಹಿಡಿದುಕೊಂಡಿದ್ದೂ ಆಯ್ತು. ಆದರೆ ಪರದೆ ಅವರ ಲೈನಿನ ಮೇಲೆ ಓಡ್ತಾನೇ ಇರಲಿಲ್ಲ. ಅದು ಓಡ್ತಿದ್ದದ್ದು ನಾನಿಟ್ಟಿದ್ದ 12 ವೋಲ್ಟ್ ಯುಪಿಎಸ್ ಬ್ಯಾಟರಿ ಮೇಲೆ, ನಾನೇ ಕಟ್ಟಿದ್ದ ಬೋರ್ಡಿನಿಂದ. ಅವತ್ತು ಬಾಯಿ ಬಿಡಲಿಲ್ಲ. ಏನಾಗಿತ್ತು ಅಂತ ಈಗ ಪೂರ್ತಿ ಹೇಳ್ತೀನಿ. ಮೊದಲನೇ ಫೋಟೋದಲ್ಲಿ ಕಪ್ಪಗಾಗಿರೋದೇ ಆ ಬೋರ್ಡ್.

ಭಾಗ 2/6

ಗುಜರಿಯಲ್ಲಿ ಸಿಕ್ಕ ಕಾರಿನ ವೈಪರ್ ಮೋಟರ್ ಒಂದು, ಅದರ ಶಾಫ್ಟಿಗೆ ಒಂದು ರಾಟೆ, ರಾಟೆಗೆ ಪರದೆಯ ಹಗ್ಗ. ಇಷ್ಟೇ ವ್ಯವಸ್ಥೆ. ಪರದೆ ತೆಗೀಬೇಕು, ಮುಚ್ಚಬೇಕು ಅಂದ್ರೆ ಮೋಟರ್ ಎರಡೂ ಕಡೆ ತಿರುಗಬೇಕು. ಬ್ಯಾಟರಿಯ ಪ್ಲಸ್, ಮೈನಸ್ ಅದಲು ಬದಲು ಮಾಡಿದರೆ ಮೋಟರ್ ಉಲ್ಟಾ ತಿರುಗುತ್ತೆ. ಆ ಅದಲು ಬದಲನ್ನ ಕೈ ಹಾಕದೆ ಮಾಡೋ ಸರ್ಕ್ಯೂಟೇ ಎಚ್ ಬ್ರಿಡ್ಜ್.

ಇಂಗ್ಲಿಷಿನ ಎಚ್ ಅಕ್ಷರ ಕಣ್ಣ ಮುಂದೆ ತಂದ್ಕೊಳ್ಳಿ. ಮಧ್ಯದ ಅಡ್ಡಗೆರೆ ಮೋಟರ್. ಎರಡು ಕಾಲುಗಳಲ್ಲಿ ಮೇಲೊಂದು ಕೆಳಗೊಂದು ಸ್ವಿಚ್, ಒಟ್ಟು ನಾಲ್ಕು. ಮೇಲಿನ ತುದಿಗಳು ಪ್ಲಸ್‌ಗೆ, ಕೆಳಗಿನವು ಮೈನಸ್‌ಗೆ. ಎಡಗಡೆ ಮೇಲಿನದು ಮತ್ತು ಬಲಗಡೆ ಕೆಳಗಿನದು ಆನ್ ಮಾಡಿದರೆ ಮೋಟರ್ ಒಂದು ಕಡೆ, ಇನ್ನೊಂದು ಜೋಡಿ ಆನ್ ಮಾಡಿದರೆ ಇನ್ನೊಂದು ಕಡೆ ತಿರುಗುತ್ತೆ.

ಈಗ ಒಂದೇ ಕಾಲಿನ ಮೇಲಿನ ಸ್ವಿಚ್ಚೂ ಕೆಳಗಿನ ಸ್ವಿಚ್ಚೂ ಒಟ್ಟಿಗೆ ಆನ್ ಆದವು ಅನ್ಕೊಳ್ಳಿ. ನಡುವೆ ಮೋಟರ್ ಇಲ್ಲ, ಏನೂ ಇಲ್ಲ. ಪ್ಲಸ್ಸಿನಿಂದ ಮೈನಸ್‌ಗೆ ನೇರ ದಾರಿ. ಇದಕ್ಕೆ ಶೂಟ್ ಥ್ರೂ ಅಂತಾರೆ. ಸ್ವಿಚ್ ಜಾಗದಲ್ಲಿರೋ ಮಾಸ್ಫೆಟ್ ಪೂರ್ತಿ ಆನ್ ಆದಾಗ ಅದರ ರೋಧ ಒಂದು ಓಮ್‌ನ ಸಣ್ಣ ಪಾಲು ಮಾತ್ರ. ಹಾಗಾಗಿ ಬ್ಯಾಟರಿ ಹತ್ತಾರು ಆಂಪಿಯರ್ ಸುರಿಯುತ್ತೆ. "ನಾನು ಯಾಕೆ ಎರಡನ್ನೂ ಒಟ್ಟಿಗೆ ಆನ್ ಮಾಡ್ಲಿ?" ಅಂತ ನಾನೂ ಅಂದ್ಕೊಂಡಿದ್ದೆ.

ಭಾಗ 3/6

ನನ್ನ ಮೊದಲ ಬೋರ್ಡಿನ ಒಂದು ಕಾಲು ಹೀಗಿತ್ತು (ಎರಡನೇ ಫೋಟೋ). ಮೇಲೆ ಪಿ ಚಾನೆಲ್ ಮಾಸ್ಫೆಟ್ ಐಆರ್‌ಎಫ್ 9540, ಕೆಳಗೆ ಎನ್ ಚಾನೆಲ್ ಐಆರ್‌ಎಫ್‌ಝಡ್ 44. ಎರಡರ ಗೇಟನ್ನೂ ಒಂದಕ್ಕೊಂದು ಸೇರಿಸಿದ್ದೆ. ಸೇರಿದ ಜಾಗದಿಂದ 12 ವೋಲ್ಟ್‌ಗೆ ಒಂದು 10 ಕಿಲೋ ಓಮ್ ರೆಸಿಸ್ಟರ್. ಕೆಳಕ್ಕೆ ಎಳೆಯೋಕೆ ಒಂದು ಬಿಸಿ 547 ಟ್ರಾನ್ಸಿಸ್ಟರ್, ಅದನ್ನ ನಡೆಸೋಕೆ ಆರ್ಡುಯಿನೋದ ಒಂದು ಪಿನ್. ಗೇಟ್ 0 ವೋಲ್ಟ್ ಇದ್ರೆ ಮೇಲಿನದು ಆನ್, 12 ವೋಲ್ಟ್ ಇದ್ರೆ ಕೆಳಗಿನದು ಆನ್. ಎರಡಕ್ಕೂ ಒಂದೇ ಗೇಟ್ ಇರುವಾಗ ಒಟ್ಟಿಗೆ ಆನ್ ಆಗೋದು ಹೇಗೆ ಸಾಧ್ಯ ಅಂತ ನನ್ನ ಲೆಕ್ಕ.

ತಪ್ಪಿದ್ದು ಇಲ್ಲೇ. ಗೇಟ್ 0 ಇಂದ 12ಕ್ಕೆ ನೆಗೆಯಲ್ಲ, ಏರುತ್ತೆ. ಮಾಸ್ಫೆಟ್ ಗೇಟ್ ಅಂದ್ರೆ ಒಂದು ಪುಟ್ಟ ಕೆಪಾಸಿಟರ್. ಅದು ತುಂಬಬೇಕು. ನನ್ನ ಎರಡು ಗೇಟ್ ಸೇರಿ ಸುಮಾರು 2.8 ನ್ಯಾನೋಫ್ಯಾರಡ್. 10 ಕಿಲೋ ಓಮ್ ಅನ್ನೋ ಸಣ್ಣ ನಲ್ಲಿಯಿಂದ ಅದನ್ನ ತುಂಬಬೇಕಾದರೆ ಟೈಮ್ ಕಾನ್‌ಸ್ಟಂಟ್ 28 ಮೈಕ್ರೋಸೆಕೆಂಡ್.

ಕೆಳಗಿನ ಮಾಸ್ಫೆಟ್ ಸುಮಾರು 3 ವೋಲ್ಟ್‌ಗೆ ಆನ್ ಆಗೋಕೆ ಶುರು ಮಾಡುತ್ತೆ. ಮೇಲಿನದು ಪೂರ್ತಿ ಆಫ್ ಆಗೋಕೆ ಗೇಟ್ ಸುಮಾರು 9 ವೋಲ್ಟ್ ತಲುಪಬೇಕು. ಅಂದ್ರೆ 3 ರಿಂದ 9ರ ನಡುವೆ ಎರಡೂ ಆನ್! ಈ ದಾರಿ ದಾಟೋಕೆ ಲೆಕ್ಕದ ಪ್ರಕಾರ 31 ಮೈಕ್ರೋಸೆಕೆಂಡ್ ಬೇಕು, ನಿಜದಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಪ್ರೋಗ್ರಾಮಿನಲ್ಲಿ ಏನೂ ತಪ್ಪಿರಲಿಲ್ಲ. ಶೂಟ್ ಥ್ರೂ ವೈರಿಂಗಿನಲ್ಲೇ ಕೂತಿತ್ತು.

ಭಾಗ 4/6

ಹಾಗಿದ್ರೆ ರಿಹರ್ಸಲ್‌ನಲ್ಲಿ ಮೂರು ದಿನ ಹೇಗೆ ಓಡ್ತು?

ಪರದೆ ನಿಧಾನಕ್ಕೆ ಹೋಗ್ಲಿ ಅಂತ ಮೋಟರನ್ನ ಪಿಡಬ್ಲ್ಯೂಎಮ್‌ನಲ್ಲಿ ಓಡಿಸ್ತಿದ್ದೆ. ಅಂದ್ರೆ ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್, ಬೇಗ ಬೇಗ. ಆ ಪಿನ್ನಿನಲ್ಲಿ `analogWrite` ಕೊಡೋದು ಸೆಕೆಂಡಿಗೆ ಸುಮಾರು 490 ಸಲ. 31 ಮೈಕ್ರೋಸೆಕೆಂಡನ್ನ 490ರಿಂದ ಗುಣಿಸಿ: ಒಟ್ಟು ಸಮಯದಲ್ಲಿ ಒಂದೂವರೆ ಪರ್ಸೆಂಟ್ ಮಾತ್ರ ಶಾರ್ಟ್. ಹೀಟ್ ಸಿಂಕ್ ಬೆಚ್ಚಗಾಗ್ತಿತ್ತು, ಅಷ್ಟೇ. ಮೋಟರ್ ವೈರ್ ಬಿಚ್ಚಿಟ್ಟಿದ್ದಾಗಲೂ ಬೆಚ್ಚಗಾಗ್ತಿತ್ತು. ಅಲ್ಲೇ ನನಗೆ ಹೊಳೀಬೇಕಿತ್ತು. ಕೆಲಸವೇ ಇಲ್ಲದಾಗ ಮಾಸ್ಫೆಟ್ ಬಿಸಿಯಾಗ್ತಿದೆ ಅಂದ್ರೆ ಕರೆಂಟ್ ಮೋಟರಿಗೆ ಹೋಗದೆ ಬೇರೆಲ್ಲೋ ಹೋಗ್ತಿದೆ ಅಂತ.

ಆದರೆ 490 ಅನ್ನೋದು ಕಿವಿಗೆ ಕೇಳೋ ಸ್ವರ. ಮೋಟರ್ ಕುಂಯ್ ಅಂತಿತ್ತು, ಮೈಕ್ ಅದನ್ನ ಎತ್ಕೊಳ್ತಿತ್ತು. ನಾಟಕದವರು ಬೈದರು. ಕಾಲೇಜ್ ಡೇ ಮಧ್ಯಾಹ್ನ ನಾನು ಅದನ್ನ 20 ಕಿಲೋಹರ್ಟ್ಸ್‌ಗೆ ಏರಿಸಿದೆ. ಎರಡು ಸೆಕೆಂಡ್ ಓಡಿಸಿ ನೋಡಿದೆ, ಸದ್ದೇ ಇಲ್ಲ. ಖುಷಿಯಾಗಿ ಊಟಕ್ಕೆ ಹೋದೆ.

20 ಕಿಲೋಹರ್ಟ್ಸ್ ಅಂದ್ರೆ ಒಂದು ಸುತ್ತಿಗೆ 50 ಮೈಕ್ರೋಸೆಕೆಂಡ್. ಗೇಟ್ ಏರೋಕೆ ಸಿಗೋದು ಅದರಲ್ಲಿ ಅರ್ಧ, 25. ಅಷ್ಟರಲ್ಲಿ ಅದು ಮುಟ್ಟೋದು ಬರೀ 7 ವೋಲ್ಟ್. 9 ಮುಟ್ಟೋದೇ ಇಲ್ಲ, ಅಂದ್ರೆ ಮೇಲಿನ ಮಾಸ್ಫೆಟ್ ಆಫ್ ಆಗೋದೇ ಇಲ್ಲ. ಪ್ರತಿ 50ರಲ್ಲಿ ಸುಮಾರು 17 ಮೈಕ್ರೋಸೆಕೆಂಡ್ ಎರಡೂ ಆನ್. ಒಂದೂವರೆ ಪರ್ಸೆಂಟ್ ಇದ್ದದ್ದು ಮೂರನೇ ಒಂದು ಪಾಲಾಯ್ತು. ಸಂಜೆ ಪರದೆ ಮುಚ್ಚೋಕೆ ಹನ್ನೆರಡು ಸೆಕೆಂಡ್ ಬೇಕಿತ್ತು. ಆರನೇ ಸೆಕೆಂಡಿಗೆ ಟಪ್ ಅಂತು. ಮೇಲಿನ ಮಾಸ್ಫೆಟ್ ಸತ್ತು ಒಳಗೇ ಶಾರ್ಟ್ ಆಯ್ತು. ಕೆಳಗಿನದು ಆನ್ ಆದ ತಕ್ಷಣ ಬ್ಯಾಟರಿಗೆ ನೇರ ಶಾರ್ಟ್. ಫ್ಯೂಸ್ ಹಾಕಿರಲಿಲ್ಲ, ವೈರಿನ ಪ್ಲಾಸ್ಟಿಕ್ ಕರಗಿ ನನ್ನ ಬೆರಳಿಗೆ ಅಂಟಿತು.

ಭಾಗ 5/6

ಹೊಸ ಬೋರ್ಡ್ (ಐದನೇ ಫೋಟೋ). ನಾಲ್ಕೂ ಐಆರ್‌ಎಫ್‌ಝಡ್ 44, ಪ್ರತಿ ಕಾಲಿಗೆ ಐಆರ್ 2104 ಅನ್ನೋ ಒಂದು ಗೇಟ್ ಡ್ರೈವರ್ ಐಸಿ. ಅದಕ್ಕೂ ಒಂದೇ ಪಿನ್ ಕೊಟ್ಟರೆ ಸಾಕು. ಆದರೆ ಅದು ಒಂದನ್ನ ಆಫ್ ಮಾಡಿ, ಸ್ವಲ್ಪ ಕಾದು, ಆಮೇಲೆ ಇನ್ನೊಂದನ್ನ ಆನ್ ಮಾಡುತ್ತೆ. ಆ ಕಾಯೋ ಹೊತ್ತೇ ಡೆಡ್ ಟೈಮ್. ಈ ಐಸಿಯಲ್ಲಿ ಅದು ಸಾಮಾನ್ಯವಾಗಿ 520 ನ್ಯಾನೋಸೆಕೆಂಡ್.

ಅಷ್ಟು ಸಾಕಾ? ಲೆಕ್ಕ ಹಾಕಬೇಕು. ಐಆರ್‌ಎಫ್‌ಝಡ್ 44ರ ಗೇಟ್ ಖಾಲಿ ಮಾಡೋಕೆ ಹೆಚ್ಚೆಂದರೆ 63 ನ್ಯಾನೋಕೂಲಂಬ್ ಹೊರಗೆ ಎಳೀಬೇಕು. ಡ್ರೈವರ್ 270 ಮಿಲಿಆಂಪಿಯರ್ ಎಳೆಯುತ್ತೆ. ಭಾಗಿಸಿದರೆ ಸುಮಾರು 235 ನ್ಯಾನೋಸೆಕೆಂಡ್. ಕಾಯೋ ಹೊತ್ತು ಅದರ ಎರಡರಷ್ಟಿದೆ, ಸಾಕು. ಗೇಟಿಗೆ ನಾನು ಹಾಕಿದ್ದು 10 ಓಮ್ ರೆಸಿಸ್ಟರ್. "ಸೇಫ್ ಆಗಿರ್ಲಿ" ಅಂತ 100 ಓಮ್ ಹಾಕಿದ್ರೆ ಗೇಟ್ ಖಾಲಿಯಾಗೋದು ನಿಧಾನವಾಗಿ ಆ 520 ದಾಟಿಬಿಡುತ್ತೆ. ಆಗ ಡೆಡ್ ಟೈಮ್ ಇದ್ದೂ ಇಲ್ಲದ ಹಾಗೆ.

ಎರಡೂ ಆಫ್ ಇರೋ ಆ ಕ್ಷಣದಲ್ಲಿ ಮೋಟರಿನ ಕರೆಂಟ್ ನಿಲ್ಲಲ್ಲ, ಸುರುಳಿ ಬಿಡಲ್ಲ. ಅದು ಮಾಸ್ಫೆಟ್ ಒಳಗೇ ಇರೋ ಡಯೋಡಿನಿಂದ ದಾರಿ ಮಾಡ್ಕೊಳ್ಳುತ್ತೆ. ಅಲ್ಲಿ ಸ್ವಲ್ಪ ಶಾಖ ಆಗುತ್ತೆ. ಹಾಗಾಗಿ ಡೆಡ್ ಟೈಮ್ ಬೇಕಾದಷ್ಟೇ ಇರಬೇಕು, ಸುಮ್ಮನೆ ಉದ್ದ ಮಾಡಬಾರದು.

ಇನ್ನೊಂದು ಪ್ರಶ್ನೆ. ಮೇಲಿರೋ ಎನ್ ಚಾನೆಲ್ ಆನ್ ಆದಾಗ ಅದರ ಸೋರ್ಸೇ 12 ವೋಲ್ಟ್‌ಗೆ ಏರಿರುತ್ತೆ. ಗೇಟ್ ಅದಕ್ಕಿಂತ 10 ವೋಲ್ಟಾದರೂ ಮೇಲಿರಬೇಕು. ಬ್ಯಾಟರಿಯಲ್ಲಿ ಇರೋದೇ 12, ಉಳಿದದ್ದು ಎಲ್ಲಿಂದ? ಮಹಡಿ ಮನೆಗೆ ನೀರು ಏರದಿದ್ದಾಗ ಏನ್ ಮಾಡ್ತೀವಿ? ಕೆಳಗಿನ ನಲ್ಲಿಯಲ್ಲಿ ಕೊಡ ತುಂಬಿಸಿ ಹೊತ್ಕೊಂಡು ಹೋಗ್ತೀವಿ. ಇಲ್ಲೂ ಅದೇ. ಕೆಳಗಿನ ಮಾಸ್ಫೆಟ್ ಆನ್ ಇದ್ದಾಗ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಡಯೋಡಿನ ಮೂಲಕ ತುಂಬಿಕೊಳ್ಳುತ್ತೆ, ಮೇಲಿನದು ಆನ್ ಆಗುವಾಗ ಸೋರ್ಸಿನ ಜೊತೆ ತಾನೂ ಮೇಲೇರಿ ಗೇಟಿಗೆ ಸುರಿಯುತ್ತೆ. ಆದರೆ ಮೇಲೇ ಕೂತರೆ ಕೊಡ ಖಾಲಿ. ಹಾಗಾಗಿ ನೂರಕ್ಕೆ ನೂರು ಆನ್ ಕೊಡೋ ಹಾಗಿಲ್ಲ. ನಾನು 95ಕ್ಕೆ ನಿಲ್ಲಿಸಿದ್ದೀನಿ:

```cpp
// pin 9, pin 10: 20 kHz
pinMode(9, OUTPUT);
pinMode(10, OUTPUT);
TCCR1A = _BV(COM1A1) | _BV(COM1B1) | _BV(WGM11);
TCCR1B = _BV(WGM13) | _BV(CS10);
ICR1 = 400;    // 16 MHz / (2 * 400)
OCR1A = 200;   // 50%, max 380
OCR1B = 0;
```

ಐಸಿಯ `SD` ಪಿನ್ನಿಗೆ 10 ಕಿಲೋ ಓಮ್ ಹಾಕಿ ಗ್ರೌಂಡ್‌ಗೆ ಕಟ್ಟಿದ್ದೀನಿ. ಆರ್ಡುಯಿನೋ ಆನ್ ಆಗೋವಾಗ ಅದರ ಪಿನ್‌ಗಳು ಎತ್ತಲೂ ಇರಲ್ಲ. ಆಗ ಈ ರೆಸಿಸ್ಟರ್ ನಾಲ್ಕೂ ಮಾಸ್ಫೆಟ್ ಆಫ್ ಇಡುತ್ತೆ. ಎಲ್ಲ ಸರಿ ಇದೆ ಅಂದಾಗ ಪ್ರೋಗ್ರಾಮ್ ಅದನ್ನ ಮೇಲೆತ್ತುತ್ತೆ.

ಭಾಗ 6/6

ಕಟ್ಟಿದ ಮೇಲೆ ನೇರವಾಗಿ ಬ್ಯಾಟರಿ ಕೊಡಬೇಡಿ. ಬ್ಯಾಟರಿ ಪ್ಲಸ್ ಮತ್ತು ಬೋರ್ಡಿನ ನಡುವೆ 12 ವೋಲ್ಟ್ 21 ವಾಟ್‌ನ ಕಾರ್ ಇಂಡಿಕೇಟರ್ ಬಲ್ಬ್ ಒಂದನ್ನ ಸರಣಿಯಲ್ಲಿ ಹಾಕಿ. ಮೋಟರ್ ಬಿಚ್ಚಿಡಿ. ಪಿಡಬ್ಲ್ಯೂಎಮ್ ಕೊಡಿ. ಶೂಟ್ ಥ್ರೂ ಇದ್ರೆ ಬಲ್ಬ್ ಉರಿಯುತ್ತೆ, ಮಾಸ್ಫೆಟ್ ಉಳಿಯುತ್ತೆ. ಬಲ್ಬ್ ಆರಿದ್ರೂ ನಂಬಬೇಡಿ, ಮಲ್ಟಿಮೀಟರಿನಲ್ಲಿ ಕರೆಂಟ್ ಓದಿ.

ಹಳೇ ಬೋರ್ಡಿಗೆ ಹೊಸ ಜೋಡಿ ಮಾಸ್ಫೆಟ್ ಹಾಕಿ ಹೀಗೇ ನೋಡಿದೆ. 490 ಹರ್ಟ್ಸ್‌ನಲ್ಲಿ ಬಲ್ಬ್ ಆರಿತ್ತು, ಮೀಟರ್ ಮಾತ್ರ 100 ಮಿಲಿಆಂಪಿಯರ್ ಹತ್ತಿರ ತೋರಿಸ್ತು. 20 ಕಿಲೋಹರ್ಟ್ಸ್ ಮಾಡಿದ ತಕ್ಷಣ ಬಲ್ಬ್ ಹೊತ್ಕೊಳ್ತು. ಮೋಟರೇ ಇಲ್ಲ! ಹೊಸ ಬೋರ್ಡಿನಲ್ಲಿ ಅದೇ 20 ಕಿಲೋಹರ್ಟ್ಸ್‌ಗೆ 3 ಮಿಲಿಆಂಪಿಯರ್. ಆಮೇಲೆ ಬಲ್ಬ್ ತೆಗೆದು 10 ಆಂಪಿಯರ್ ಫ್ಯೂಸ್ ಹಾಕಿದೆ, ಮೋಟರ್ ಜೋಡಿಸಿದೆ. ಪರದೆಯನ್ನ ನಲವತ್ತು ಸಲ ತೆಗೆದು ಮುಚ್ಚಿಸಿದೆ. ಹೀಟ್ ಸಿಂಕ್ ಮುಟ್ಟಿದರೆ ಉಗುರುಬೆಚ್ಚಗೆ ಮಾತ್ರ.

ಆ ಎರಡು ಸೆಕೆಂಡ್ ಟೆಸ್ಟ್ ಬದಲು ಈ ಬಲ್ಬನ್ನ ಅವತ್ತು ಮಧ್ಯಾಹ್ನ ಹಾಕಿದ್ದಿದ್ರೆ ಅಲ್ಲೇ ಗೊತ್ತಾಗ್ತಿತ್ತು.

ಕೊನೇ ಫೋಟೋದಲ್ಲಿ ಇರೋ ಬಲ್ಬ್ ಲೈಟಿಂಗ್ ಅಣ್ಣನ ಪೆಟ್ಟಿಗೆಯದು. ಶನಿವಾರ ಅವರ ಅಂಗಡಿಗೆ ಹೋಗಿ 500 ರೂಪಾಯಿ ಕೊಟ್ಟು ಎಲ್ಲ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಸುಟ್ಟ ಬೋರ್ಡ್ ತಿರುಗಿಸಿ ತಿರುಗಿಸಿ ನೋಡಿ, "ಫ್ಯೂಸ್ ಎಲ್ಲಪ್ಪಾ?" ಅಂತ ಮಾತ್ರ ಕೇಳಿದ್ರು. ಸೀರೀಸ್ ಬಲ್ಬ್ ಟೆಸ್ಟ್ ಹೇಳಿಕೊಟ್ಟವರೂ ಅವರೇ. ಅವತ್ತು ಅವರನ್ನ ಬೈದವರು ಇದನ್ನ ಓದ್ತಿದ್ರೆ, ಅವರ ಅಂಗಡಿ ನಮ್ಮ ಗೇಟಿನ ಎದುರಿಗೇ ಇದೆ.

#ಎಚ್‌ಬ್ರಿಡ್ಜ್ #ಮಾಸ್ಫೆಟ್ #ಕಾಲೇಜ್‌ಡೇ