ಮನೆ ಕಳ್ಕೊಂಡು ಬಂದವರ ಹತ್ರ ಏನ್ ಮಾತಾಡೋದು

2018ರ ಆಗಸ್ಟ್ ನಿಮಗೆಲ್ಲ ನೆನಪಿರಬೇಕು. ಕೊಡಗಲ್ಲಿ ಮಳೆ ಬಿಡದೆ ಸುರಿದು ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದ ತಿಂಗಳು ಅದು. ನನ್ನ ಓರಗಿತ್ತಿ ತವರು ಮಕ್ಕಂದೂರಿನ ಹತ್ರ. ಅವಳಣ್ಣನ ಮನೆ, ಕೊಟ್ಟಿಗೆ, ಹಿಂದಿನ ಕಾಫಿ ತೋಟ ಎಲ್ಲಾ ಒಂದೇ ರಾತ್ರೀಲಿ ಮಣ್ಣಿನಡಿ ಹೋಯ್ತು. ಜನ ಮಾತ್ರ ಉಳ್ಕೊಂಡ್ರು. ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ಆರು ದಿನ ಇದ್ದು, ಅಣ್ಣ ಅಲ್ಲೇ ನಿಂತು, ಅತ್ತಿಗೆ, ಅವರ ಅತ್ತೆ ಮತ್ತೆ ಒಂಬತ್ತು ವರ್ಷದ ಮಗ ಸುಲ್ತಾನ್‌ಪೇಟೆಗೆ ನಮ್ಮನೆಗೆ ಬಂದ್ರು. ಓರಗಿತ್ತಿ ಕರೆಯೋ ಹಾಗೇ ನಾನೂ ಅವರನ್ನ ಅತ್ತಿಗೆ ಅಂತಲೇ ಕರೀತೀನಿ.

ಓರಗಿತ್ತಿ ಮಗಳು ಆಗ ತಾನೇ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ಲು. ಅವರು ಬರೋ ಹಿಂದಿನ ರಾತ್ರಿ ನಮ್ಮನ್ನೆಲ್ಲ ಅಡುಗೆಮನೇಲಿ ಕೂರಿಸಿ, "ದೊಡ್ಡಮ್ಮ, ಕೈ ಸುಟ್ಕೊಂಡವರಿಗೆ ಮೊದಲು ನೀರು ಹಾಕ್ತೀವಲ್ಲ, ಹಾಗೇ ಮನಸ್ಸಿಗೂ ಪ್ರಥಮ ಚಿಕಿತ್ಸೆ ಅಂತ ಇದೆ. ಡಾಕ್ಟರೇ ಬೇಕಿಲ್ಲ, ಮನೆಯವರೇ ಮಾಡ್ಬೋದು" ಅಂದ್ಲು. ವಿಶ್ವ ಆರೋಗ್ಯ ಸಂಸ್ಥೆಯವರು 2011ರಲ್ಲಿ ಇದಕ್ಕೇಂತ ಒಂದು ಪುಸ್ತಕ ತಂದಿದಾರಂತೆ. ಅದರ ಸಾರ ಮೂರೇ ಮಾತು: ನೋಡು, ಕೇಳು, ಜೋಡಿಸು. ಕೇಳೋಕೆ ಏನೂ ಅಲ್ಲ ಅನ್ಸುತ್ತೆ. ಆದ್ರೆ ನಾವು ಹೆಂಗಸರು ಇಂಥ ಹೊತ್ತಲ್ಲಿ ಮಾಡೋದು ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ನೋಡೋಕೆ ಮುಂಚೆ ಮಾತಾಡ್ತೀವಿ, ಕೇಳೋ ಬದಲು ಸಮಾಧಾನ ಹೇಳ್ತೀವಿ.

ನೋಡೋದು ಅಂದ್ರೆ ಏನು ಅಂತ ಮೊದಲನೇ ಸಂಜೆನೇ ಗೊತ್ತಾಯ್ತು. ಅಜ್ಜಿ ಬಂದವರೇ ಗೋಡೆಗೆ ಒರಗಿ ಕೂತ್ಕೊಂಡ್ರು, ಕಾಲು ಊದಿತ್ತು, ಮಾತು ಕಮ್ಮಿ. ದುಃಖ ಅಂತ ಎಲ್ಲರೂ ಅಂದ್ಕೊಂಡ್ವಿ. ಹುಡುಗಿ ಮಾತ್ರ ಹತ್ರ ಹೋಗಿ "ಅಜ್ಜಿ, ದಿನಾ ತಗೋತಿದ್ದ ಮಾತ್ರೆ ಯಾವುದು?" ಅಂತ ಕೇಳಿದ್ಲು. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ಎರಡೂ ಮನೆ ಜೊತೆ ಹೋಗಿತ್ತು. ಅವತ್ತಿಂದ ಒಂದೂ ತಗೊಂಡಿರಲಿಲ್ಲ. ಕೇಂದ್ರದಲ್ಲಿ ಡಾಕ್ಟರು ಬರ್ತಿದ್ರಂತೆ, ಇವರು ಮಾತ್ರ "ಅಷ್ಟು ಜನ ಕಷ್ಟದಲ್ಲಿರೋವಾಗ ನಂದೇನು" ಅಂತ ಸುಮ್ಮನಿದ್ರು. ಅವತ್ತೇ ರಾತ್ರಿ ಕ್ಲಿನಿಕ್ಕಿಗೆ ಕರ್ಕೊಂಡು ಹೋದ್ವಿ. ಹಸಿವು, ನಿದ್ದೆ, ಗಾಯ, ಮಾತ್ರೆ, ಕನ್ನಡಕ, ಒಣ ಬಟ್ಟೆ, ಮುಟ್ಟಿನ ಬಟ್ಟೆ ಇವನ್ನ ಮೊದಲು ವಿಚಾರಿಸಬೇಕು. ಮನಸ್ಸಿನ ಮಾತು ಆಮೇಲೆ.

ಇನ್ನೊಂದು ಸಣ್ಣ ವಿಷಯ ಹೇಳಿಕೊಟ್ಲು. ಎಲ್ಲಾ ಕಳ್ಕೊಂಡು ಬಂದವರ ಕೈಯಲ್ಲಿ ಯಾವ ತೀರ್ಮಾನಾನೂ ಉಳಿದಿರಲ್ಲ. ಎಲ್ಲಿ ಮಲಗಬೇಕು, ಏನು ಉಡಬೇಕು ಎಲ್ಲಾ ಬೇರೆಯವರೇ ಹೇಳ್ತಿರ್ತಾರೆ. ಅದಕ್ಕೇ ನಾವು "ಊಟ ಮಾಡಿ, ಏಳಿ" ಅನ್ನಲಿಲ್ಲ. "ಈಗ ಬಡಿಸ್ಲಾ, ಸ್ನಾನ ಆದ್ಮೇಲೆ ಬಡಿಸ್ಲಾ?" ಅಂದ್ವಿ. ಹಳೇ ಸೀರೆಗಳನ್ನ ನಾವೇ ಆರಿಸಿ ಕೈಗೆ ಕೊಡಲಿಲ್ಲ. ನಾಲ್ಕು ಮಂಚದ ಮೇಲಿಟ್ಟು ನೀವೇ ತಗೊಳ್ಳಿ ಅಂದ್ವಿ. ಅತ್ತಿಗೆ ಹಸಿರು ಸೀರೆ ತಗೊಂಡ್ರು. ಬಂದ ಮೇಲೆ ಅವರಾಗಿ ಮಾಡಿದ ಮೊದಲ ಕೆಲಸ ಅದೇ.

ಮಾರನೇ ದಿನದಿಂದ ನೋಡೋಕೆ ಬರೋರು ಶುರು. ನಮ್ಮ ಬೀದಿ ನಿಮಗೆ ಗೊತ್ತಲ್ಲ, ಒಂದು ಮನೇಲಿ ಒಗ್ಗರಣೆ ಹಾಕಿದ್ರೆ ನಾಲ್ಕು ಮನೇಲಿ ಸೀನ್ತಾರೆ. ಎಲ್ಲರೂ ಪ್ರೀತಿಯಿಂದಲೇ ಬಂದೋರು, ಹಣ್ಣು ತಂದೋರು. ಆದ್ರೆ ಬಾಯಲ್ಲಿ ಬಂದ ಮಾತು ನೋಡಿ. "ಹೋಗ್ಲಿ ಬಿಡಿ, ಪ್ರಾಣ ಉಳೀತಲ್ಲ." ಇದನ್ನ ಎಷ್ಟು ಜನ ಅಂದ್ರೋ ಲೆಕ್ಕ ಇಲ್ಲ. ಆ ಮಾತು ಅವರಾಗಿ ಅಂದ್ಕೊಂಡ್ರೆ ಸರಿ. ಅಜ್ಜಿ ತಾವೇ ಎಷ್ಟೋ ಸಲ ಅಂದ್ಕೊಂಡ್ರು. ಬೇರೆಯವರು ಅಂದಾಗ, ಹೋದದ್ದಕ್ಕೆ ಅಳೋ ಹಕ್ಕು ನಿಮಗಿಲ್ಲ ಅಂದ ಹಾಗೆ ಕೇಳುತ್ತೆ. "ಎಲ್ಲಾ ದೇವರಿಚ್ಛೆ" ಅನ್ನೋದೂ ಹಾಗೇ. ಅವರೇ ದೇವರ ಮಾತು ತೆಗೆದ್ರೆ ಎದುರು ವಾದ ಬೇಡ, ನಾವಾಗಿ ತೆಗೆಯೋದೂ ಬೇಡ. ಒಬ್ಬರು "ನನಗೆ ಅರ್ಥ ಆಗುತ್ತೆ, ನಮ್ಮನೆಗೂ ಮೋರಿ ನೀರು ನುಗ್ಗಿತ್ತು" ಅಂತ ಅರ್ಧ ಗಂಟೆ ತಮ್ಮ ಮನೆ ಕಥೇನೇ ಹೇಳಿದ್ರು. ಅತ್ತಿಗೆ ಪಾಪ ಅವರಿಗೇ ಸಮಾಧಾನ ಹೇಳಿ ಕಳ್ಸಿದ್ರು!

ಇವೆಲ್ಲಕ್ಕಿಂತ ಚುಚ್ಚಿದ್ದು "ಮೊದಲೇ ಹೊರಡಬಾರದಿತ್ತಾ?" ಅನ್ನೋ ಪ್ರಶ್ನೆ. ಅದನ್ನ ಅವರು ರಾತ್ರಿಯೆಲ್ಲ ತಮ್ಮನ್ನೇ ತಾವು ಕೇಳ್ಕೋತಿರ್ತಾರೆ. ನಾವೂ ಸೇರಿ ಕೇಳಬೇಕಾ?

ಮತ್ತೊಂದು, "ಹೇಗಾಯ್ತು, ಪೂರ್ತಿ ಹೇಳಿ". ಹೇಳ್ಕೊಂಡ್ರೆ ಮನಸ್ಸು ಹಗುರ ಆಗುತ್ತೆ ಅಂತ ನಮ್ಮಲ್ಲಿ ಒಂದು ನಂಬಿಕೆ. ಅವರಾಗಿ ಹೇಳಿದ್ರೆ ಆಗ್ಬೋದು, ಬಲವಂತವಾಗಿ ಕೆದಕಿ ಹೇಳಿಸಿದ್ರೆ ಆಗಲ್ಲ. ಹಿಂದೆ ದೊಡ್ಡ ಅನಾಹುತ ಆದ ತಕ್ಷಣ ಬದುಕುಳಿದವರನ್ನ ಕೂರಿಸಿ ನಡೆದದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿಸೋ ಪದ್ಧತಿ ತಜ್ಞರಲ್ಲೇ ಇತ್ತಂತೆ. ಅದರಿಂದ ಮುಂದಿನ ತೊಂದರೆ ತಪ್ಪಲ್ಲ, ಕೆಲವರಿಗೆ ಇನ್ನೂ ಜಾಸ್ತಿನೇ ಆಗ್ಬೋದು ಅಂತ ಗೊತ್ತಾಗಿ, ವಿಶ್ವ ಆರೋಗ್ಯ ಸಂಸ್ಥೆಯವರು ಅದು ಬೇಡ ಅಂದಿದಾರೆ. ಇಲ್ಲಿ ನೋಡಿದ್ರೆ ಅತ್ತಿಗೆ ಎರಡೇ ದಿನದಲ್ಲಿ ಏಳು ಸಲ ಆ ರಾತ್ರಿ ಕಥೆ ಹೇಳಿದ್ರು. ಏಳನೇ ಸಲ ದನಿಯೇ ಇರಲಿಲ್ಲ, ಪಾಠ ಒಪ್ಪಿಸಿದ ಹಾಗಿತ್ತು. ಆಮೇಲೆ ನಾನೂ ಓರಗಿತ್ತಿನೂ ಒಂದು ಏರ್ಪಾಡು ಮಾಡ್ಕೊಂಡ್ವಿ. ಬಂದವರಿಗೆ ಹೊರಗಿನ ಕೋಣೇಲೇ ಕಾಫಿ. "ಮಲಗಿದಾರೆ, ನೀವು ಬಂದಿದ್ರಿ ಅಂತ ಹೇಳ್ತೀನಿ." ಒಬ್ಬಿಬ್ಬರು ಮುನಿಸ್ಕೊಂಡ್ರು, ಮುನಿಸ್ಕೊಳ್ಳಲಿ.

ಹಾಗಾದ್ರೆ ಏನು ಹೇಳೋದು? ಎದುರುಮನೆ ಅಜ್ಜಿಯೊಬ್ಬರು ಬಂದು, "ತುಂಬಾ ಕಷ್ಟ ಆಯ್ತಮ್ಮಾ ನಿಮಗೆ. ನಾನು ಎದುರುಗಡೆನೇ ಇರ್ತೀನಿ" ಅಂದ್ರು. ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದ್ರು. ಅವರು ಹೋದ ಮೇಲೆ ಅತ್ತಿಗೆ "ಇವರು ಚೆನ್ನಾಗಿ ಮಾತಾಡ್ತಾರೆ" ಅಂದ್ರು, ಅವರು ಆಡಿದ್ದು ಎರಡೇ ಮಾತು!

ಅತ್ತಿಗೆ ತಾವಾಗಿ ಬಾಯಿ ಬಿಟ್ಟಿದ್ದು ಐದನೇ ರಾತ್ರಿ. ಇಬ್ಬರೂ ಹುರುಳಿಕಾಯಿ ನಾರು ತೆಗೀತಿದ್ವಿ. ಕಣ್ಣಲ್ಲಿ ಕಣ್ಣಿಟ್ಟು ಕೂರೋದಕ್ಕಿಂತ ಹೀಗೆ ಕೈಯಲ್ಲೊಂದು ಕೆಲಸ ಇದ್ರೆ ಮಾತು ಸುಲಭ ಅಂತ ನನಗನ್ಸುತ್ತೆ. "ಹಸು ಕಟ್ಟಿದ್ದೆ. ಹಗ್ಗ ಬಿಚ್ಚಲಿಲ್ಲ" ಅಂದ್ರು. ಮನೆ ಬಗ್ಗೆ ಅಲ್ಲ, ಚಿನ್ನದ ಬಗ್ಗೆ ಅಲ್ಲ, ಆ ಹಗ್ಗದ ಬಗ್ಗೆ. ನಾನು ಹ್ಞೂಂ ಅಂದೆ, ಕೈ ನಿಲ್ಲಿಸಿದೆ, ಮಾತಾಡಲಿಲ್ಲ. ಅವರು ಅತ್ರು. ಅಳಬೇಡಿ ಅನ್ನಲಿಲ್ಲ. ಬಹಳ ಹೊತ್ತಾದ ಮೇಲೆ ಅವರೇ "ನಂದೇ ತಪ್ಪಲ್ವಾ?" ಅಂದ್ರು. ಇಂಥ ಕಡೆ "ಛೆ ಛೆ, ಏನೂ ಇಲ್ಲ ಬಿಡಿ" ಅಂದ್ಬಿಟ್ರೆ ಬಾಗಿಲು ಹಾಕಿದ ಹಾಗೆ, ಮತ್ತೆ ಅವರು ಆ ಮಾತು ಎತ್ತಲ್ಲ. ಅವರೇ ಹೇಳಿದ್ದನ್ನ ಅವರಿಗೆ ತಿರುಗಿ ಹೇಳಿದೆ: "ಕರೆಂಟ್ ಇರಲಿಲ್ಲ. ಶಬ್ದ ಕೇಳಿ ಅಜ್ಜೀನ ಎಬ್ಬಿಸಿ, ಮಗೂನ ಎತ್ಕೊಂಡು ಓಡಿದ್ರಿ. ಅಷ್ಟಕ್ಕೇ ಟೈಮ್ ಇದ್ದಿದ್ದು ಅಂದ್ರಲ್ಲ." ಅವರು ಹೌದು ಅಂದ್ರು. ನೋವೇನೂ ಹೋಗಲಿಲ್ಲ. ಅವತ್ತು ನಾಲ್ಕು ಗಂಟೆ ನಿದ್ದೆ ಮಾಡಿದ್ರು ಅಷ್ಟೇ.

ಮಗು ವಿಷಯ ಬೇರೆ. ನಮ್ಮ ಮಹಡಿ ಶೀಟಿನ ಮೇಲೆ ಮಳೆ ಬಿದ್ದ ಶಬ್ದ ಆದ್ರೆ ಹುಡುಗ ಎದ್ದು ಚೀಲಕ್ಕೆ ಬಟ್ಟೆ ತುಂಬ್ಕೋತಿದ್ದ. ಹಾಸಿಗೆ ಒದ್ದೆ ಮಾಡ್ಕೋತಿದ್ದ. ಅಷ್ಟು ದೊಡ್ಡ ಹುಡುಗ ಅಂತ ಯಾರೂ ನಗಬಾರದು, ಬೈಯಬಾರದು, ಇಂಥ ಹೊತ್ತಲ್ಲಿ ಮಕ್ಕಳಿಗೆ ಆಗೋದೇ ಹೀಗೆ. "ಇಲ್ಲೂ ಗುಡ್ಡ ಬೀಳುತ್ತಾ?" ಅಂತ ಕೇಳಿದ. ಇನ್ನು ಯಾವತ್ತೂ ಏನೂ ಆಗಲ್ಲ ಅಂತ ಹೇಳೋದು ಸುಲಭ, ಆದ್ರೆ ಅದು ಸುಳ್ಳು, ಮಕ್ಕಳಿಗೆ ಗೊತ್ತಾಗುತ್ತೆ. "ಸುಲ್ತಾನ್‌ಪೇಟೇಲಿ ಗುಡ್ಡ ಇಲ್ಲ ಕಂದ. ಬಾಗಿಲ ಕೀ ಈ ಮೊಳೆ ಮೇಲಿರುತ್ತೆ, ಅಮ್ಮ ನಿನ್ನ ಪಕ್ಕದಲ್ಲೇ ಮಲಗಿರ್ತಾಳೆ" ಅಂದ್ವಿ. ಅಮ್ಮನ ಪಕ್ಕದಿಂದ ಅವನನ್ನ ಬೇರೆ ಮಾಡಲಿಲ್ಲ. ಟೀವೀಲಿ ಗುಡ್ಡ ಜಾರೋದನ್ನೇ ತಿರುಗಿಸಿ ತಿರುಗಿಸಿ ತೋರಿಸ್ತಿದ್ರು, ಅದನ್ನ ಆರಿಸಿದ್ವಿ. ಬೆಳಗ್ಗೆ ಹಾಲು ತರೋ ಕೆಲಸ ಅವನಿಗೆ ಕೊಟ್ವಿ. ದಿನಾ ಅದೇ ಹೊತ್ತಿಗೆ ಅದೇ ಕೆಲಸ.

ಜೋಡಿಸೋದು ಅಂದ್ರೆ ಬೇಕಾದವರ ಹತ್ರ, ಬೇಕಾದ ಕಡೆ ಸೇರಿಸೋದು. ಆಧಾರ್, ಪಹಣಿ, ಬ್ಯಾಂಕ್ ಪುಸ್ತಕ ಎಲ್ಲಾ ಹೋಗಿತ್ತು. ದಿನಾ ಸಂಜೆ ಅಣ್ಣನಿಗೆ ಫೋನ್ ಮಾಡಿ, ಪಟ್ಟೀಲಿ ಹೆಸರು ಬಂತಾ, ಯಾವ ಕಾಗದ ಕೇಳಿದ್ರು ಅಂತ ವಿಚಾರಿಸಿ, ಖಚಿತ ಆದದ್ದನ್ನ ಮಾತ್ರ ಒಂದು ನೋಟ್‌ಬುಕ್ಕಲ್ಲಿ ಬರೀತಿದ್ವಿ. ವಾಟ್ಸಾಪಲ್ಲಿ ಬಂದದ್ದು ಬರೀತಿರಲಿಲ್ಲ. "ಇನ್ನು ಮೂರು ತಿಂಗಳಲ್ಲಿ ಸರ್ಕಾರ ಮನೆ ಕೊಡುತ್ತೆ ನೋಡಿ" ಅಂತ ಭರವಸೆ ಕೊಟ್ಟು ಹೋದೋರಿದ್ರು. ಜಂಬೂರಿನ ಪುನರ್ವಸತಿ ಮನೆಗಳು ಜನಕ್ಕೆ ಸಿಕ್ಕಿದ್ದು 2020ರಲ್ಲಿ. ಕೈಯಲ್ಲಿಲ್ಲದ್ದನ್ನ ಕೊಡ್ತೀನಿ ಅನ್ನಬಾರದು.

ಯಾವಾಗ ನಮ್ಮ ಕೈ ಮೀರಿದ್ದು ಅಂತ ತಿಳ್ಕೊಳ್ಳೋದು ಹೇಗೆ ಅಂತಾನೂ ಹುಡುಗಿ ಹೇಳಿದ್ಲು. ಮೊದಲ ವಾರಗಳಲ್ಲಿ ನಿದ್ದೆ ಬರದೆ ಇರೋದು, ಬೆಚ್ಚಿ ಬೀಳೋದು, ಸಿಡುಕೋದು, ಸುಮ್ಮನೆ ಕೂರೋದು ಇದೆಲ್ಲ ಕಾಯಿಲೆ ಅಲ್ಲ, ಬಹಳ ಜನಕ್ಕೆ ತಾನಾಗೇ ಇಳಿಯುತ್ತೆ. ತಿಂಗಳು ದಾಟಿದ್ರೂ ಇಳಿಯದೆ ಇದ್ರೆ, ತನ್ನನ್ನ ಮಗೂನ ನೋಡ್ಕೊಳ್ಳೋಕೇ ಆಗದಿದ್ರೆ, ಎಲ್ಲಿದೀನಿ ಅಂತಲೇ ಗೊತ್ತಾಗದಿದ್ರೆ ಡಾಕ್ಟರ ಹತ್ರ ಹೋಗ್ಬೇಕು. ಸಾಯೋ ಮಾತು ಬಂದ್ರೆ ತಿಂಗಳು ಕಾಯೋ ಹಾಗಿಲ್ಲ. ನೇರವಾಗಿ ಕೇಳಬೇಕು, ಕೇಳಿದ್ರೆ ಆ ಯೋಚನೆ ತಲೆಗೆ ತುಂಬಿದ ಹಾಗೆ ಆಗಲ್ಲ. ಒಬ್ಬರನ್ನೇ ಬಿಡಬಾರದು, ಅವತ್ತೇ ಕರ್ಕೊಂಡು ಹೋಗ್ಬೇಕು. ಈಗ 14416 ಅಂತ ಟೆಲಿ ಮಾನಸ್ ನಂಬರ್ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. 2022ರಲ್ಲಿ ಶುರುವಾಗಿದ್ದು, ನಮಗೆ ಆಗ ಇರಲಿಲ್ಲ. ಇನ್ನೊಂದು, ನಮ್ಮ ಸಂಬಂಧಿಕರೊಬ್ಬರು ತಮ್ಮ ನಿದ್ದೆ ಮಾತ್ರೆ ತಂದು "ಇದೊಂದು ಕೊಡಿ, ಮಲಗಲಿ" ಅಂದ್ರು. ಹುಡುಗಿ ಅದನ್ನ ಹಾಗೇ ಅವರ ಚೀಲಕ್ಕೆ ವಾಪಸ್ ಹಾಕಿದ್ಲು.

ಮೂರು ವಾರ ಆದ ಮೇಲೆ ಅತ್ತಿಗೆ ವಾಪಸ್ ಹೋಗ್ತೀನಿ ಅಂದ್ರು. ಮನೇಲಿ ಎಲ್ಲರದೂ ಒಂದೇ ಮಾತು, ಅಲ್ಲೇನಿದೆ, ಇಲ್ಲೇ ಇರಿ ಅಂತ. ಅತ್ತಿಗೆಗೆ ಗಂಡನ ಜೊತೆ ಇರಬೇಕು, ಅಧಿಕಾರಿಗಳು ಬಂದಾಗ ತಾನೂ ಎದುರಿಗಿರಬೇಕು ಅಂತ. ಮಗೂಗೂ ಅಲ್ಲಿ ಅವನ ಸ್ಕೂಲಿನ ಮಕ್ಕಳು ಸಿಗ್ತಾರೆ. ನಾನು ಓರಗಿತ್ತಿಗೆ "ಬಿಡು, ಅವರು ತೀರ್ಮಾನ ಮಾಡಿದಾರೆ" ಅಂದೆ. ಅಜ್ಜಿಗೆ ಎರಡು ತಿಂಗಳಿಗಾಗೋಷ್ಟು ಮಾತ್ರೆ ಕಟ್ಟಿ, ಡಾಕ್ಟರ ಚೀಟೀನ ಪ್ಲಾಸ್ಟಿಕ್ ಕವರಲ್ಲಿ ಹಾಕಿ, ನೋಟ್‌ಬುಕ್ ಕೈಗೆ ಕೊಟ್ಟು ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಹತ್ತಿಸಿದ್ವಿ. ಅತ್ತಿಗೆ ಆ ಹಸಿರು ಸೀರೇನೇ ಉಟ್ಟಿದ್ರು. ಮರುದಿನ ಫೋನ್ ಮಾಡಿ, ಅಜ್ಜಿ ಸಕ್ಕರೆ ಮಾತ್ರೆ ಊಟಕ್ಕೆ ಮುಂಚೆನಾ ಆಮೇಲಾ ಅಂತ ಕೇಳಿದ್ರು.