ಟವರ್ ಹೋದ ಫೋನು

ಫೋನು ಬಿಚ್ಚದೆಯೇ ಅದರೊಳಗಿನ ರೇಡಿಯೊ ಎಲ್ಲಿ ಕೆಟ್ಟಿದೆ ಎಂದು ಪತ್ತೆ ಹಚ್ಚುವುದು ನನಗೆ ಬಲು ಪ್ರೀತಿಯ ಕೆಲಸ. ಸ್ಕ್ರೂಡ್ರೈವರ್ ಬೇಡ. ಸರಿಯಿರುವ ಇನ್ನೊಂದು ಫೋನು, ಅದರದೊಂದು ಸಿಮ್ಮು, ಕೂಡ್ರಲು ಒಂದು ಕಟ್ಟೆ ಸಾಕು. ಊರಿಗೆ, ಅಂದರೆ ಮೇಲವಂಕಿಗೆ, ಹೋದಾಗ ಯಾರಾದರೂ ಇಂಥ ಫೋನು ಹಿಡಿದು ಬಂದೇ ಬರುತ್ತಾರೆ. ಹೇಳುವುದೂ ಬಹುಮಟ್ಟಿಗೆ ಒಂದೇ ಮಾತು: "ಪೂರಾ ರಿಸೆಟ್ ಹೊಡದ್ನಿರಿ, ಆದ್ರೂ ಟವರ್ ಬರವಲ್ದು."

ಬರುವುದಿಲ್ಲ, ಯಾಕೆಂದರೆ ಫೋನಿನಲ್ಲಿ ಇರುವುದು ಎರಡು ಕಂಪ್ಯೂಟರು. ಒಂದು ಆಂಡ್ರಾಯ್ಡ್ ನಡೆಸುತ್ತದೆ. ನಮ್ಮ ಫೋಟೊ, ವಾಟ್ಸಾಪ್ ಎಲ್ಲ ಅದರ ಕಡೆ. ಇನ್ನೊಂದು ಮೋಡೆಮ್. ಟವರಿನೊಡನೆ ಮಾತಾಡುವುದು ಅದರ ಪಾಲಿನ ಕೆಲಸ, ಅದಕ್ಕೆ ತನ್ನದೇ ಫರ್ಮ್‌ವೇರ್ ಇದೆ. ಫ್ಯಾಕ್ಟರಿ ರಿಸೆಟ್ ಅಳಿಸುವುದು ಮುಖ್ಯವಾಗಿ `userdata` ಎಂಬ ಭಾಗವನ್ನು. ಮೋಡೆಮಿನ ಫರ್ಮ್‌ವೇರ್ ಬೇರೆ ಭಾಗದಲ್ಲಿರುತ್ತದೆ, ರಿಸೆಟ್ ಅತ್ತ ಸುಳಿಯುವುದಿಲ್ಲ. ಕ್ವಾಲ್ಕಾಂ ಚಿಪ್ಪಿನ ಫೋನುಗಳಲ್ಲಿ `modemst1`, `modemst2` ಎಂಬ ಇನ್ನೆರಡು ಪುಟ್ಟ ಭಾಗಗಳಿವೆ. ಮೋಡೆಮ್ ತನ್ನ ಗುಟ್ಟಿನ ಲೆಕ್ಕ ಇಡುವುದು ಅಲ್ಲಿ. ಕಾರ್ಖಾನೆಯಲ್ಲಿ ಪ್ರತಿ ಫೋನಿನ ರೇಡಿಯೊವನ್ನು ಅಳೆದು, ಅದಕ್ಕೆ ಎಷ್ಟು ತಿದ್ದುಪಡಿ ಬೇಕೆಂದು ಬರೆದಿಡುತ್ತಾರೆ. ಒಂದು ಫೋನಿನ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ಇದು ರಿಸೆಟ್‌ನಲ್ಲಿ ಅಳಿಸಿಹೋಗದಂತೆ ಬೇಕೆಂದೇ ಕಾದಿಟ್ಟಿದ್ದಾರೆ. ಮನೆಗೆ ಸುಣ್ಣ ಬಳಿದರೆ ಬಾವಿಯೊಳಗಿನ ಮೋಟಾರು ರಿಪೇರಿಯಾಗದು.

ನಮ್ಮ ಕಾಕಾನ ಫೋನಿನ ಕತೆ ಹೇಳುತ್ತೇನೆ. ಊರೊಳಗೆ ಹೇಗೋ ನಡೆಯುತ್ತಿತ್ತು, ಕಬ್ಬಿನ ಹೊಲಕ್ಕೆ ಹೋದರೆ ಮಾತು ಕಡಿಯುತ್ತಿತ್ತು. ಮಗ ರಿಸೆಟ್ ಮಾಡಿದ. ಮದುವೆಯ ಫೋಟೊಗಳು ಹೋದವು, ತೊಂದರೆ ಉಳಿಯಿತು.

ಮೊದಲು *#06# ಒತ್ತಿದೆ. ಎರಡೂ ಐಎಂಇಐ ಸಂಖ್ಯೆ ಬಂದವು. ಸೆಟಿಂಗ್ಸ್‌ನ ಅಬೌಟ್ ಫೋನ್‌ನಲ್ಲಿ ಬೇಸ್‌ಬ್ಯಾಂಡ್ ವರ್ಷನ್ ಕೂಡ ಇತ್ತು. ಮೋಡೆಮ್ ಎಚ್ಚರವಾಗಿದೆ, ಫರ್ಮ್‌ವೇರ್ ಓಡುತ್ತಿದೆ ಎಂದಾಯಿತು. ಕಾಕಾನ ಸಿಮ್ ನನ್ನ ಫೋನಿನಲ್ಲಿ ಚೆನ್ನಾಗಿ ನಡೆಯಿತು. ಅದೇ ಕಂಪನಿಯ ನನ್ನ ಸಿಮ್ ಅವನ ಫೋನಿನಲ್ಲಿ ಮಂಕಾಯಿತು. ತಪ್ಪು ಸಿಮ್ಮಿನದಲ್ಲ, ಟವರಿನದೂ ಅಲ್ಲ.

ನನಗೆ ಅತ್ಯಂತ ಇಷ್ಟದ ಹಂತ ಇದರ ಮುಂದಿನದು. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ ಒಂದು ಪರೀಕ್ಷಾ ಪುಟ ತೆರೆಯುತ್ತದೆ. ಕಡ್ಡಿಗಳನ್ನು ನಂಬಬಾರದು, ಕಂಪನಿಗೊಂದು ರೀತಿ ಅವು, ಸಂಖ್ಯೆ ನೋಡಬೇಕು. ಎರಡೂ ಫೋನುಗಳನ್ನು 4ಜಿಗೆ ಮಾತ್ರ ಕಟ್ಟಿ, ಒಂದೇ ಕಟ್ಟೆಯ ಮೇಲಿಟ್ಟು, ಒಂದೇ ಸೆಲ್ಲಿಗೆ ಸೇರಿವೆ ಎಂದು ಖಾತ್ರಿ ಮಾಡಿಕೊಂಡು ಓದಿದೆ. ನನ್ನದರಲ್ಲಿ -91 ಡಿಬಿಎಂ, ಅವನದರಲ್ಲಿ -117. ಸೊನ್ನೆಗೆ ಹತ್ತಿರವಿದ್ದಷ್ಟೂ ಗಟ್ಟಿ ಸಿಗ್ನಲ್. ಪ್ರತಿ 10 ಇಳಿದಂತೆ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ. 26ರ ಅಂತರವೆಂದರೆ ಸುಮಾರು ನಾನೂರರಲ್ಲೊಂದು ಪಾಲು! ಮಾಡೆಲ್ ಬೇರೆಯಾದರೆ ನಾಲ್ಕೈದರ ವ್ಯತ್ಯಾಸ ಸಹಜ. ಇಷ್ಟಾದರೆ ಸಿಗ್ನಲ್ ಆಂಟೆನಾದಿಂದ ಬೋರ್ಡಿಗೆ ತಲುಪುವ ದಾರಿಯಲ್ಲೇ ಎಲ್ಲೋ ಸೋರುತ್ತಿರಬೇಕು.

"ಕಾಕಾ, ಇದನ್ನ ಯಾರರೆ ಬಿಚ್ಚಿದ್ರೇನು?"

"ಡಿಸ್ಪ್ಲೇ ಒಡದಿತ್ತಪಾ, ಹೊಸಾದು ಹಾಕ್ಸೇನಿ."

ಅಲ್ಲಿಗೆ ಎಳೆ ಸಿಕ್ಕಿತು. ಮೇಲಿನ ಬೋರ್ಡಿನಿಂದ ಕೆಳಗಿನ ಆಂಟೆನಾಕ್ಕೆ ಅನೇಕ ಫೋನುಗಳಲ್ಲಿ ತೆಳ್ಳನೆಯ ಕೇಬಲ್ ಓಡುತ್ತದೆ, ಎರಡೂ ತುದಿಗೆ ಒತ್ತಿ ಕೂರಿಸುವ ಪುಟ್ಟ ಗುಂಡಿಗಳು. ಡಿಸ್ಪ್ಲೇ ಬದಲಿಸುವಾಗ ಹಲವು ಸಲ ಅದನ್ನು ಕಿತ್ತು ಮತ್ತೆ ಕೂರಿಸಬೇಕಾಗುತ್ತದೆ. ಬೆಳಗಾವಿಯ ಸರ್ವಿಸ್ ಸೆಂಟರಿನಲ್ಲಿ ಬಿಚ್ಚಿದಾಗ ಒಂದು ತುದಿ ಜಜ್ಜಿಹೋಗಿತ್ತು. ಕೇಬಲ್ ಬದಲಿಸಿದರು. ಅದೇ ಕಟ್ಟೆಯ ಮೇಲೆ ಸಂಖ್ಯೆ -93ಕ್ಕೆ ಬಂದದ್ದನ್ನು ನೋಡಿ ನನಗಾದ ಖುಷಿ ಕಾಕಾನಿಗಿಂತ ಕಡಿಮೆಯದಲ್ಲ.

ಎಲ್ಲದಕ್ಕೂ ಸರ್ವಿಸ್ ಸೆಂಟರ್ ಬೇಕಿಲ್ಲ. ಮಾತು ನಡೆದು ಇಂಟರ್ನೆಟ್ ಮಾತ್ರ ಬಾರದಿದ್ದರೆ ಎಪಿಎನ್ ನೋಡಿ, ನೆಟ್‌ವರ್ಕ್ ಸೆಟಿಂಗ್ಸ್ ಮಾತ್ರ ರಿಸೆಟ್ ಮಾಡಿ, ಫೋಟೊ ಹೋಗುವುದಿಲ್ಲ. ಅಪ್‌ಡೇಟ್ ಆದ ಮರುದಿನದಿಂದಲೇ ಕೆಟ್ಟಿದ್ದರೆ ಹೊಸ ಮೋಡೆಮ್ ಫರ್ಮ್‌ವೇರಿನ ಮೇಲೆ ಅನುಮಾನ ಪಡಬೇಕು. ಅದು ಅಪ್‌ಡೇಟಿನ ಜೊತೆಗೇ ಬರುತ್ತದೆ, ರಿಸೆಟ್ ಅದನ್ನು ಹಳೆಯದಕ್ಕೆ ಮರಳಿಸದು. ಮುಂದಿನ ಅಪ್‌ಡೇಟಿಗೆ ಕಾಯಬೇಕು, ಇಲ್ಲವೇ ಸರ್ವಿಸ್ ಸೆಂಟರಿನಲ್ಲಿ ಸಾಫ್ಟ್‌ವೇರ್ ಮತ್ತೆ ಹಾಕಿಸಬೇಕು.

ಆದರೆ *#06# ಒತ್ತಿದಾಗ ಐಎಂಇಐ ಸೊನ್ನೆಯಾಗಿ ಕಂಡರೆ, ಬೇಸ್‌ಬ್ಯಾಂಡ್ ಜಾಗದಲ್ಲಿ ಅನ್‌ನೋನ್ ಎಂದಿದ್ದರೆ, ಸರ್ವಿಸ್ ಸೆಂಟರಿಗೇ ಒಯ್ಯಿರಿ, ಬೇರೆ ದಾರಿ ಹುಡುಕಬೇಡಿ. ಮೋಡೆಮ್ ಏಳುತ್ತಿಲ್ಲ, ಇಲ್ಲವೇ ಅದರ ಲೆಕ್ಕದ ಪುಸ್ತಕವೇ ಕೆಟ್ಟಿದೆ. ಬೋರ್ಡಿನ ಬಿಡಿಭಾಗವೇ ಸೋಲುವುದೂ ಉಂಟು: ಐಫೋನ್ 7ರ ಕೆಲವು ಫೋನುಗಳು ಟವರಿದ್ದರೂ ನೋ ಸರ್ವಿಸ್ ತೋರಿಸತೊಡಗಿದಾಗ, ಕಾರಣ ಮುಖ್ಯ ಬೋರ್ಡಿನ ಒಂದು ಭಾಗವೆಂದು ಆಪಲ್ 2018ರಲ್ಲಿ ಒಪ್ಪಿ ಬಿಟ್ಟಿ ರಿಪೇರಿ ಮಾಡಿಕೊಟ್ಟಿತು. "ಬ್ಯಾರೆ ಐಎಂಇಐ ಹಾಕಿ ಕೊಡ್ತೇನ್ರಿ" ಎನ್ನುವವರ ಕೈಗೆ ಫೋನು ಕೊಡಬೇಡಿ. ಐಎಂಇಐ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಡಿ ಅಪರಾಧ. ಇವತ್ತೇ ನಿಮ್ಮ ಫೋನಿನಲ್ಲಿ *#06# ಒತ್ತಿ, ಬಂದ ಸಂಖ್ಯೆಯನ್ನು ಬಿಲ್ಲಿನ ಹಿಂದೆ ಬರೆದು ತೆಗೆದಿಡಿ.