ಡೊಳ್ಳಿನ ಮೇಲಿನ ಎಡಗೈ

2006ರಲ್ಲಿ ನಾನು ಬೆಂಗಳೂರಿನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ರಿಗ್ಗರ್ ಆಗಿ ಸೇರಿದಾಗ ಕೆಲಸದ ಅರ್ಜಿಗಳು ಕೊರಿಯರ್‌ನಲ್ಲಿ ಬರುತ್ತಿದ್ದವು. ಕಂದು ಕವರು, ಒಳಗೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದ ಡಿವಿಡಿ, ಜೊತೆಗೊಂದು ಪತ್ರ. ಪತ್ರವನ್ನು ಯಾರೂ ಓದುತ್ತಿರಲಿಲ್ಲ. ಓದಿದರೂ ಕಲಿತ ಸಾಫ್ಟ್‌ವೇರ್‌ಗಳ ಪಟ್ಟಿ ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ. ಡಿವಿಡಿ ಹಾಕಿದರೆ ಮೊದಲ ಅರ್ಧ ನಿಮಿಷ ಅಭ್ಯರ್ಥಿಯ ಹೆಸರು ಹೊಗೆಯೊಳಗಿಂದ ಮೂಡಿಬರುತ್ತಿತ್ತು. ಆಮೇಲೆ ಕಿವಿಗಡಚಿಕ್ಕುವ ಸಂಗೀತದ ನಾಲ್ಕು ನಿಮಿಷದ ರೀಲು. ಒಂದೇ ಕಡೆ ಕಲಿತ ಆರು ಹುಡುಗರ ರೀಲಿನಲ್ಲಿ ಅದೇ ಬೊಂಬೆ ಅದೇ ಮೆಟ್ಟಿಲು ಹತ್ತುವುದನ್ನು ನೋಡಿ ನಕ್ಕಿದ್ದೇವೆ.

ಆದರೆ ಆಗ ರಿಗ್ ಮಾಡಲು ಬರುತ್ತದೆ ಎನ್ನುವುದೇ ದೊಡ್ಡ ಅರ್ಹತೆ. ರಿಗ್ ಎಂದರೆ ಬೊಂಬೆಯೊಳಗಿನ ಮೂಳೆಗಳು ಮತ್ತು ಅನಿಮೇಟರ್ ಹಿಡಿದಾಡಿಸುವ ಸೂತ್ರಗಳು. ಜಾಯಿಂಟುಗಳನ್ನು ಒಂದೊಂದಾಗಿ ಕೈಯಾರೆ ಇಟ್ಟು ಒಂದು ಪಾತ್ರ ಮುಗಿಸಲು ನನಗೆ ಎರಡು ವಾರ ಬೇಕಾಗುತ್ತಿತ್ತು. ಈಗ ಬ್ಲೆಂಡರ್ ಜೊತೆಗೇ ಬರುವ ರಿಗಿಫೈಯಂಥ ಸಲಕರಣೆ ಚಹಾ ಕುಡಿದು ಬರುವಷ್ಟರಲ್ಲಿ ಕೈಕಾಲು ಜೋಡಿಸಿಕೊಡುತ್ತದೆ. ರಿಗ್ಗರ್ ಎಂಬ ಹೆಸರೂ, ಅದರಲ್ಲೂ ಗೇಮ್ ಸ್ಟುಡಿಯೋಗಳಲ್ಲಿ, ಟೆಕ್ನಿಕಲ್ ಅನಿಮೇಟರ್ ಎಂದು ಹಿಗ್ಗಿದೆ. ಹೀಗಾಗಿ ಕುಣಿಯುವ ಬೊಂಬೆಯನ್ನು ನೋಡಿದ ಮಾತ್ರಕ್ಕೆ ಅಭ್ಯರ್ಥಿಯ ಕೆಲಸ ಯಾವುದು, ಸಲಕರಣೆಯ ಕೆಲಸ ಯಾವುದು ತಿಳಿಯುವುದಿಲ್ಲ. ಯಾರೂ ಓದದ ಆ ಪತ್ರಕ್ಕೆ ಬೆಲೆ ಬಂದದ್ದು ಹೀಗೆ.

ಎರಡು ವರ್ಷದ ಹಿಂದೆ ನಮ್ಮ ಒಂಬತ್ತು ಜನರ ಸ್ಟುಡಿಯೋಗೆ ಶಿವಮೊಗ್ಗ ಕಡೆಯ ಒಬ್ಬ ಹುಡುಗಿಯ ಅರ್ಜಿ ಬಂತು. ಇಂಗ್ಲಿಷಿನಲ್ಲಿದ್ದ ಪತ್ರದ ಸಾರ ಇಷ್ಟು: ‘ರೀಲು 65 ಸೆಕೆಂಡಿನದು. ಸಮಯವಿಲ್ಲದಿದ್ದರೆ 18ನೇ ಸೆಕೆಂಡಿನಿಂದ ನೋಡಿ. ಬೊಂಬೆಯ ಆಕಾರ ಗೆಳೆಯನದು, ಮೂಳೆಗಳು ಸಿದ್ಧ ಸಲಕರಣೆಯವು. ಡೊಳ್ಳಿನ ಮೇಲೆ ಕೈ ನಿಲ್ಲುವ ವ್ಯವಸ್ಥೆ ನನ್ನದು.’

ಡೊಳ್ಳು ಕುಣಿತದವನ ಬಲಗೈಯಲ್ಲಿ ಕೋಲು, ಎಡ ಅಂಗೈ ಚರ್ಮದ ಮೇಲೆ. ಮೈ ಹಾರಿದರೆ ಡೊಳ್ಳೂ ಹಾರುತ್ತದೆ. ಕೈಯ ಕಂಟ್ರೋಲ್ ನೆಲವನ್ನು ಆಧಾರವಾಗಿ ಇಟ್ಟುಕೊಂಡಿದ್ದರೆ ಡೊಳ್ಳು ಮೇಲೆ ಹೋಗಿ ಅಂಗೈ ಗಾಳಿಯಲ್ಲೇ ಉಳಿಯುತ್ತದೆ. ಡೊಳ್ಳಿಗೇ ಕಟ್ಟಿಬಿಟ್ಟರೆ ಕೈಯೆತ್ತಿ ಬೀಸುವಾಗ ಡೊಳ್ಳಿನ ಪ್ರತಿ ಅಲುಗಾಟವೂ ಕೈಗೆ ಅಂಟುತ್ತದೆ. ಆದ್ದರಿಂದ ಬೇಕಾದಾಗ ಆಧಾರ ಬದಲಿಸುವ ಸ್ವಿಚ್ ಇಡುತ್ತೇವೆ. ತೊಂದರೆ ಇರುವುದು ಬದಲಿಸುವ ಆ ಗಳಿಗೆಯಲ್ಲಿ: ಕೈ ಒಂದೇ ಫ್ರೇಮಿನಲ್ಲಿ ಬೇರೆಲ್ಲೋ ಜಿಗಿಯುತ್ತದೆ. ಸೆಕೆಂಡಿಗೆ 24 ಫ್ರೇಮ್ ಓಡುವಾಗ ಆ ಜಿಗಿತ ಸಣ್ಣದಿದ್ದರೆ ಕಣ್ಣಿಗೆ ಅದು ರೆಪ್ಪೆ ಬಡಿದಂತೆ ಅನಿಸೀತು. ನಾನು ಶಬ್ದ ಆರಿಸಿ, ಬಾಣದ ಕೀಲಿ ಒತ್ತುತ್ತಾ ಒಂದೊಂದೇ ಫ್ರೇಮ್ ನೋಡಿದೆ. ಕೈ ಜಿಗಿಯಲಿಲ್ಲ.

ಹೇಗೆ ಮಾಡಿದಳೆಂದು ಪತ್ರದಲ್ಲೇ ಇತ್ತು. ಮಾಯಾದಲ್ಲಿ ಮೂರು ಸಾಲು:

```python
m = cmds.xform(ctrl, q=True, ws=True, m=True)
cmds.setAttr(ctrl + ".space", 1)
cmds.xform(ctrl, ws=True, m=m)
```

ಕೈ ಎಲ್ಲಿದೆಯೆಂದು ಗುರುತು ಹಾಕಿಕೊ, ಆಧಾರ ಬದಲಿಸು, ಮತ್ತೆ ಅದೇ ಜಾಗಕ್ಕೆ ತಂದಿಡು. ಇದು ಹೊಸ ಶೋಧವೇನಲ್ಲ, ನಮ್ಮ ಕಸುಬಿನವರೆಲ್ಲ ಬಲ್ಲರು. ಆದರೆ ಬದಲಾವಣೆಯ ಹಿಂದಿನ ಫ್ರೇಮಿನಲ್ಲಿ ಹಳೆಯ ಆಧಾರಕ್ಕೂ ಹಳೆಯ ಜಾಗಕ್ಕೂ ಕೀ ಹಾಕಬೇಕು. ಇಲ್ಲದಿದ್ದರೆ ಅಲ್ಲಿಯವರೆಗಿನ ಚಲನೆಯೇ ಕೆಡುತ್ತದೆ. ಹೊಸಬರು ಅದನ್ನೇ ಮರೆಯುತ್ತಾರೆ. ಇವಳು ಆ ಕೀಗಳನ್ನು ತಾನಾಗಿಯೇ ಹಾಕುವ ಬಟನ್ ಮಾಡಿ, ಅನಿಮೇಟರ್ ಗೆಳೆಯನೊಬ್ಬ ಅದನ್ನು ಒತ್ತುವುದನ್ನು ರೀಲಿನಲ್ಲಿ ತೋರಿಸಿದ್ದಳು. ಚಿಕ್ಕ ಸ್ಟುಡಿಯೋದಲ್ಲಿ ರಿಗ್ ಮಾಡಿದವರ ಪಕ್ಕದ ಕುರ್ಚಿಯಲ್ಲೇ ಅದನ್ನು ಬಳಸುವವರು ಕೂತಿರುತ್ತಾರೆ. ಅವರ ಬೈಗುಳ ನೇರವಾಗಿ ಕಿವಿಗೆ ಬೀಳುತ್ತದೆ!

ಪತ್ರದ ಕೊನೆಯ ಪ್ಯಾರಾ ನನಗೆ ಇನ್ನೂ ಹಿಡಿಸಿತು. ‘ತೋಳನ್ನು ನೆಟ್ಟಗೆ ತಲೆಯ ಮೇಲೆತ್ತಿದರೆ ಮೊಣಕೈ ಫಕ್ಕನೆ ಹಿಂದುಮುಂದಾಗುತ್ತದೆ. ಕಾರಣ ಗೊತ್ತು, ಸರಿಪಡಿಸಲು ಇನ್ನೂ ಆಗಿಲ್ಲ.’ ಮೊಣಕೈ ಯಾವ ಕಡೆ ಬಾಗಬೇಕೆಂದು ಹೇಳುವ ಕಂಟ್ರೋಲ್ ಎದೆಗೆ ಅಂಟಿಕೊಂಡೇ ಉಳಿದಿತ್ತು. ತೋಳು ಅದನ್ನು ದಾಟಿ ಮೇಲೆ ಹೋದಾಗ ಬಾಗುವ ದಿಕ್ಕು ತಿರುಗುಮುರುಗಾಗುತ್ತಿತ್ತು. ರೀಲಿನಲ್ಲಿ ಆ ಭಂಗಿ ಇರಲಿಲ್ಲ. ಅವಳೇ ಹೇಳದಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲ.

ಇಷ್ಟೆಲ್ಲ ಬರೆದವಳು ಫೋನ್ ನಂಬರ್ ಹಾಕುವುದನ್ನು ಮರೆತಿದ್ದಳು. ಮೇಲ್ ಬರೆದು ಕರೆಸಿಕೊಂಡೆವು. ಆ ಮೊಣಕೈ ಸರಿಹೋದದ್ದು ಅವಳು ಕೆಲಸಕ್ಕೆ ಸೇರಿದ ಮೂರನೇ ವಾರ.